ಭಾಲ್ಕಿಯ ಒಂಟಿ ಸಹೋದರ

ಪಕ್ಕದ ಮನೆಯ ಕರೀಮ ಸಾಬರ ಎಡ ಮೊಣಕಾಲು ಕಂಡರೆ ಮಾರ್ಕ ಮಾಸ್ತರನಿಗೆ ಹೊಟ್ಟೆ ಉರಿಯುತ್ತಿತ್ತು. ಕರೀಮ ಸಾಬರ ಮೇಲೆ ಅವನಿಗೆ ಯಾವ ಸಿಟ್ಟೂ ಇರಲಿಲ್ಲ. ಮನುಷ್ಯ ಬಂಗಾರದಂಥವರು, ಈದ್ ಹಬ್ಬದ ಶೀರಕುರ್ಮಾದ ಮೊದಲ ಡಬ್ಬಿ ಇವರ ಮನೆಗೇ ಬರುತ್ತಿತ್ತು. ಬಲಗಾಲಿನ ಬಗ್ಗೆಯೂ ಅವನದೇನೂ ತಕರಾರಿರಲಿಲ್ಲ. ಜಗಳವೆಲ್ಲ ಆ ಎಡ ಮೊಣಕಾಲಿನ ಜೊತೆಗೆ.

ಕಾರಣ ಇಷ್ಟೇ. ಬೀದರಿನ ಚಿದ್ರಿಯಲ್ಲಿರುವ ಮಾರ್ಕನ ಮನೆಯಲ್ಲಿ ಸಂಜೆ ಲೈಟು ಹಾಕುತ್ತಲೇ ಟಿವಿ ಬಂದ್ ಆಗುತ್ತಿತ್ತು, ಚಾಪೆ ಹಾಸಲಾಗುತ್ತಿತ್ತು, ಕುಟುಂಬ ಪ್ರಾರ್ಥನೆ ಸುರುವಾಗುತ್ತಿತ್ತು. ಮಿಷನ್ನಿನ ದೊರೆಸಾನಿಯರು ಮಾರ್ಕನ ಅಜ್ಜಿಗೆ ಕಲಿಸಿಟ್ಟು ಹೋದ ಪದ್ಧತಿ ಅದು. ಒಂದು ಹಾಡು, ಬೈಬಲಿನ ಒಂದು ವಾಕ್ಯ, ಆಮೇಲೆ ಮಾರ್ಕನ ಹೆಂಡತಿ ಏಂಜಲಿನಾಳ ದೀರ್ಘ ಪ್ರಾರ್ಥನೆ. ಏಂಜಲಿನಾ ದವಾಖಾನೆಯಲ್ಲಿ ಸ್ಟಾಫ್ ನರ್ಸು, ಹಾಗಾಗಿ ಊರಿನ ಅರ್ಧ ಕಾಯಿಲೆ ದಿನಾ ಸಂಜೆ ಅವಳ ಬೆನ್ನು ಹತ್ತಿ ಮನೆಗೇ ಬರುತ್ತಿತ್ತು. ಅವಳು ಯಾರನ್ನೂ ಮರೆಯುತ್ತಿರಲಿಲ್ಲ. ಎಲ್ಲರನ್ನೂ ಹೆಸರು ಹಿಡಿದು ದೇವರ ಮುಂದೆ ನಿಲ್ಲಿಸುತ್ತಿದ್ದಳು.

"ಪರಲೋಕದ ತಂದೆಯೇ, ನಮ್ಮ ಕರೀಮ ಸಾಬರ ಎಡ ಮೊಣಕಾಲನ್ನು ನಿನ್ನ ಹಸ್ತದಲ್ಲಿ ಇಡುತ್ತೇವೆ. ಬಿಸ್ಮಿಲ್ಲಾಬೀಯವರ ಸಕ್ಕರೆ ಕಾಯಿಲೆಯನ್ನು ತಗ್ಗಿಸು. ಎಕಂಬಾದಿಂದ ಬಂದ ಮುದುಕಮ್ಮನ ಪಿತ್ತಕೋಶದ ಕಲ್ಲನ್ನು ಕರಗಿಸು. ಚಿಂತಾಕಿಯ ನಮ್ಮ ಜೇಮ್ಸ ಅಣ್ಣನ ಎಮ್ಮೆ ಚಂದ್ರಿಯ ಕೆಚ್ಚಲಿನ ಬಾವನ್ನು ಇಳಿಸು..."

ಹೀಗೆ ಸಾಗಿ ಸಾಗಿ, ಮಗ ಪ್ರಿನ್ಸನ ಹೊಟ್ಟೆ ಗುರುಗುಟ್ಟುವ ಹೊತ್ತಿಗೆ, ಕೊನೆಯ ಉಸಿರಿನಲ್ಲಿ "ನಮ್ಮ ಮನೆಯವರೆಲ್ಲರನ್ನೂ ಕಾಪಾಡು, ಆಮೆನ್" ಎಂದು ಮುಗಿಯುತ್ತಿತ್ತು. ಮಾರ್ಕ ಇದ್ದದ್ದು ಆ 'ಎಲ್ಲರನ್ನೂ' ಎಂಬುದರ ಒಳಗೆ. ಅಲ್ಲಿ ಅವನ ಜೊತೆಗೆ ಅವನ ತಾಯಿ ಗ್ರೇಸಮ್ಮ, ಕಾಲೇಜಿನ ಮಗಳು ಬ್ಲೆಸ್ಸಿ, ಎಸ್ಸೆಸ್ಸೆಲ್ಸಿ ಮಗ ಪ್ರಿನ್ಸ ಇಷ್ಟೂ ಮಂದಿ ಒತ್ತಿಕೊಂಡು ಕೂತಿದ್ದರು. ಎಮ್ಮೆಗೆ ಹೆಸರಿತ್ತು. ಅವನಿಗಿರಲಿಲ್ಲ.

ಓದುಗರು ನಗಬಹುದು. ಐವತ್ತರ ಹತ್ತಿರ ಬಂದ ಗಂಡಸು, ಭಾಲ್ಕಿಯ ಹೈಸ್ಕೂಲಿನಲ್ಲಿ ಸೀಟಿ ಊದಿದರೆ ಇಡೀ ಮೈದಾನ ಅಟೆನ್ಷನ್ನಿಗೆ ನಿಲ್ಲುವಂಥ ಡ್ರಿಲ್ ಮಾಸ್ತರ, ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೇನು? ಆದರೆ ಮಾರ್ಕನಿಗೆ ಮಾತಾಡುವವರಿಲ್ಲ ಅಂತೇನೂ ಇರಲಿಲ್ಲ. ದಿನಕ್ಕೆ ನೂರು ಮಾತು ಅವನ ಕಿವಿಗೆ ಬೀಳುತ್ತಿದ್ದವು. "ಗ್ಯಾಸ್ ಬುಕ್ ಮಾಡಿದ್ರೇನ್ರಿ?" "ಪಪ್ಪಾ, ಚಾರ್ಜರ್ ಎಲ್ಲಿಟ್ಟೀರಿ?" "ಮಾರ್ಕ, ನನ್ನ ಬಿಪಿ ಗುಳಿಗಿ ಮುಗ್ದಾವ." ಎಲ್ಲ ಮಾತಿಗೂ ಅವನು ಬೇಕು, ಆದರೆ ಯಾವ ಮಾತೂ ಅವನ ಬಗ್ಗೆ ಅಲ್ಲ. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತವನ ಪಾಡು ಅವನದು. ಬಂದವರೆಲ್ಲ ಬಸ್ಸು ಎಲ್ಲಿ ಅಂತ ಕೇಳುತ್ತಾರೆ, ಒಳಗೆ ಕೂತವನು ಹೇಗಿದ್ದಾನೆ ಅಂತ ಯಾರೂ ಕೇಳುವುದಿಲ್ಲ.

ಇದು ತುದಿಗೆ ಮುಟ್ಟಿದ್ದು ಪೇಡಾದ ದಿನ.

ಆ ದಿನ ಮಾರ್ಕನ ಹುಡುಗಿಯರ ಖೋ ಖೋ ತಂಡ ಜಿಲ್ಲಾ ಮಟ್ಟದಲ್ಲಿ ಗೆದ್ದಿತ್ತು. ಮೈದಾನದಲ್ಲಿ ತುಂಬಿದ್ದ ಕಲ್ಲುಗಳನ್ನು ತಾನೇ ಆರಿಸಿ ತೆಗೆದು, ಹುಡುಗಿಯರ ಅಪ್ಪಂದಿರ ಕೈಕಾಲು ಹಿಡಿದು, ಎರಡು ವರ್ಷ ಗಂಟಲು ಹರಿದುಕೊಂಡು ಕಟ್ಟಿದ ತಂಡ. ಗೆದ್ದಾಗ ಹುಡುಗಿಯರು ಅವನನ್ನು ಎತ್ತಲು ನೋಡಿ, ಎತ್ತಲಾಗದೆ, ಬರೇ ಸುತ್ತ ನಿಂತು ಅತ್ತಿದ್ದರು. ಮಾರ್ಕನಿಗೂ ಕಣ್ಣೀರು ಬಂದಿತ್ತು. ಭಾಲ್ಕಿಯಲ್ಲೇ ಪೇಡಾ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಮನೆಯಲ್ಲಿ ಹೇಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತ ಬಂದ.

"ಇವತ್ತ ಏನಾತು ಅಂದ್ರ..." ಎಂದು ಹೊಸ್ತಿಲಲ್ಲೇ ಸುರು ಮಾಡಿದ.

"ಹಾಲು ತಂದ್ರೇನ್ರಿ?" ಅಂದಳು ಏಂಜಲಿನಾ, ಒಳಗಿನಿಂದ.

"ತರ್ತೇನಿ. ನಮ್ಮ ಹುಡುಗಿಯರು ಇವತ್ತ..."

"ಪಪ್ಪಾ, ನೆಟ್ ಹೊಂಟಿಲ್ಲ, ರೀಚಾರ್ಜ್ ಮಾಡ್ರಿ," ಅಂದ ಪ್ರಿನ್ಸ. ಅಂದವನು ಪೇಡಾದ ಡಬ್ಬಿ ಕಂಡು ಎರಡು ಬಾಯಿಗೆ ಹಾಕಿಕೊಂಡ. ಬ್ಲೆಸ್ಸಿ ಒಂದು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿದಳು. (ಮರುದಿನ ಅವಳ ಪರೀಕ್ಷೆಯಿತ್ತು. ಆದರೆ ಆ ಬಾಗಿಲು ತನ್ನ ಮುಖಕ್ಕೇ ಹಾಕಿದ್ದೆಂದು ಮಾರ್ಕ ತೀರ್ಮಾನಿಸಿಬಿಟ್ಟ.) ಗ್ರೇಸಮ್ಮ ಹಲ್ಲಿಲ್ಲದ ಬಾಯಲ್ಲಿ ಒಂದನ್ನು ಹೊರಳಿಸಿ, "ಖೋವಾ ಕಮ್ಮಿ ಹಾಕ್ಯಾರ, ಸಕ್ರಿ ಜಾಸ್ತಿ ಆಗ್ಯಾದ," ಎಂದು ತೀರ್ಪು ಕೊಟ್ಟಳು. ಡಬ್ಬಿ ಖಾಲಿಯಾಯಿತು. ಯಾಕೆ ಪೇಡಾ ಅಂತ ಒಬ್ಬರೂ ಕೇಳಲಿಲ್ಲ.

ಅಲ್ಲಿಗೆ ಮಾರ್ಕ ಒಂದು ಘನವಾದ ಶಪಥ ಮಾಡಿದ. ಇನ್ನು ಮೇಲೆ ತಾನಾಗಿ ಹೇಳುವುದಿಲ್ಲ. ಕೇಳಲಿ. ಕೇಳಿದರೆ ತನ್ನವರು, ಕೇಳದಿದ್ದರೆ ಅದೂ ಗೊತ್ತಾಗುತ್ತದೆ. ಈ ಪರೀಕ್ಷೆಯ ಸುದ್ದಿಯನ್ನು ಪರೀಕ್ಷೆಗೆ ಕೂತವರಿಗೆ ಮಾತ್ರ ಅವನು ತಿಳಿಸಲಿಲ್ಲ. ಮುಖ ಊದಿಸಿಕೊಂಡು ಮೂಲೆಯ ಕುರ್ಚಿಯಲ್ಲಿ ಮೊಬೈಲು ಹಿಡಿದು ಕೂತ. ತಾಯಿ ಬಂದು, "ಯಾಕೋ ಮಾರ್ಕ, ಮಾರಿ ಬಾಡ್ಯಾದ?" ಅಂದಾಗ, "ಏನಿಲ್ಲವ್ವ," ಅಂದ. ಅವಳು "ಹೂಂ" ಅಂದು ಹೋದಳು. ತನ್ನ 'ಏನಿಲ್ಲ'ವನ್ನು ಹೆತ್ತ ತಾಯಿ ಅಷ್ಟು ಸುಲಭವಾಗಿ ನಂಬಿಬಿಟ್ಟಳಲ್ಲ ಎಂದು ಅವನಿಗೆ ಇನ್ನೂ ಕೆಡುಕೆನಿಸಿತು.

ಆಗ ಹೊಳೆದದ್ದೇ ಕಾಯಿಲೆಯ ಉಪಾಯ. ಈ ಮನೆಯ ಪ್ರಾರ್ಥನೆಯಲ್ಲಿ ಹೆಸರು ಬರಬೇಕಾದರೆ ಏನಾದರೂ ಕೆಡಬೇಕು. ತನ್ನ ಮೊಣಕಾಲು ಗಟ್ಟಿ, ಸಕ್ಕರೆ ಸರಿ, ಕಲ್ಲಿಲ್ಲ, ಬಾವಿಲ್ಲ. ಆರೋಗ್ಯವೇ ತನಗೆ ಮುಳುವಾಗಿದೆ.

"ಎದಿಯಾಗ ಭಾರ ಅನಸ್ಲತ್ತದ," ಎಂದ ಒಂದು ಸಂಜೆ, ಸಣ್ಣ ದನಿಯಲ್ಲಿ.

ನರ್ಸಿನ ಗಂಡನಾಗಿ ಕಾಯಿಲೆಯ ನಾಟಕ ಆಡುವುದು ಪೊಲೀಸನ ಮನೆಯಲ್ಲಿ ಕಳ್ಳತನಕ್ಕೆ ಇಳಿದ ಹಾಗೆ. ಏಂಜಲಿನಾ ಒಂದು ಗಳಿಗೆಯಲ್ಲಿ ನಾಡಿ ಹಿಡಿದಳು, ಬಿಪಿ ನೋಡಿದಳು, ನಾಲಿಗೆ ಹೊರಗೆ ತೆಗೆಸಿದಳು. ಮರುದಿನ ದವಾಖಾನೆಗೆ ಎಳೆದುಕೊಂಡು ಹೋಗಿ ಎದೆಗೆ ತಂತಿ ಹಚ್ಚಿಸಿ ಇಸಿಜಿ ತೆಗೆಸಿದಳು. ಅಷ್ಟು ಹೊತ್ತೂ ಅವಳ ಕೈ ಅವನ ಮಣಿಕಟ್ಟಿನ ಮೇಲಿತ್ತು, ಕಣ್ಣು ಗಡಿಯಾರದ ಮೇಲಿತ್ತು, ಬಾಯಿ ವಾರ್ಡಿನ ಹುಡುಗಿಯ ಜೊತೆ ಡ್ಯೂಟಿಯ ಮಾತಾಡುತ್ತಿತ್ತು.

"ಏನಾಗಿಲ್ಲ, ಗ್ಯಾಸ್," ಎಂದಳು. "ರಾತ್ರಿ ಶೇಂಗಾ ಹಿಂಡಿ ಕಮ್ಮಿ ತಿನ್ರಿ."

ಎದೆಯಲ್ಲಿ ಭಾರ ಯಾಕೆ ಅಂತ ಅವಳು ಕೇಳಲಿಲ್ಲ. ಎಲ್ಲಿ, ಎಷ್ಟು ಹೊತ್ತು, ಊಟದ ಮುಂಚೆಯೋ ಆಮೇಲೋ ಅಂತ ಕೇಳಿದ್ದಳು. ಆ ಸಂಜೆಯ ಪ್ರಾರ್ಥನೆಯಲ್ಲೂ ಗ್ಯಾಸಿಗೆ ಜಾಗ ಸಿಗಲಿಲ್ಲ. ಚಂದ್ರಿಯ ಬಾವು ಮಾತ್ರ ಇಳಿದಿತ್ತು, ಅದಕ್ಕೆ ಪ್ರತ್ಯೇಕ ಸ್ತೋತ್ರ ಸಲ್ಲಿಸಲಾಯಿತು.

ಆ ಭಾನುವಾರ ಔರಾದ ತಾಲೂಕಿನ ಚಿಂತಾಕಿಯಲ್ಲಿ ಜೇಮ್ಸನ ಮನೆಯ ಹೊಸ ಕೋಣೆಗೆ ಪ್ರಾರ್ಥನಾ ಕೂಟ. ಜೇಮ್ಸ ಏಂಜಲಿನಾಳ ಅಣ್ಣ, ಒಕ್ಕಲುತನದವನು. ಅವಳಿಗೆ ಡ್ಯೂಟಿ ಇದ್ದುದರಿಂದ ಮಾರ್ಕ ಒಬ್ಬನೇ ಹೋದ. ಅಂಥ ಕೂಟಗಳಲ್ಲಿ ಹಾಡು ಮುಗಿದ ಮೇಲೆ ಬಂದವರು ಒಬ್ಬೊಬ್ಬರಾಗಿ ಎದ್ದು ತಮ್ಮ ಬೇಡಿಕೆ ಹೇಳುವ ರೂಢಿ. ಒಬ್ಬಳು ಸೊಸೆಯ ಬಸಿರು ಹೇಳಿದಳು, ಇನ್ನೊಬ್ಬ ತೊಗರಿಯ ಹುಳು ಹೇಳಿದ. ಮಾರ್ಕನ ಸರದಿ ಬಂತು. ಎದ್ದು ನಿಂತ. ನನಗಾಗಿ ಪ್ರಾರ್ಥಿಸಿ ಅನ್ನಬೇಕೆಂದಿದ್ದ. ಇಷ್ಟೂ ಮುಖ ತನ್ನ ಕಡೆ ತಿರುಗಿದ್ದು ಕಂಡು ಗಂಡಸುತನ ಅಡ್ಡ ಬಂತು, ಬಾಯಿಂದ ಬೇರೆಯೇ ಹೊರಟಿತು.

"ನಮ್ಮ ಭಾಲ್ಕಿ ಕಡಿ ಒಬ್ಬ ಸಹೋದರ ಅದಾನ್ರಿ. ಹೆಂಡ್ತಿ ಮಕ್ಕಳು ಎಲ್ಲಾರೂ ಅದಾರ. ಮನಿ ತುಂಬ ಮಂದಿ. ಆದ್ರ ಅವಂಗ ಯಾರೂ ಇಲ್ಲ. ಅವನ ಮನಸಿನ್ಯಾಗ ಏನದ ಅಂತ ಯಾರೂ ಕೇಳಂಗಿಲ್ಲ. ಅವನ ಸಲುವಾಗಿ ಪ್ರಾರ್ಥನಿ ಮಾಡ್ರಿ."

ಒಬ್ಬ ಮುದುಕಿ ಬಿಕ್ಕಿದಳು. ಜೇಮ್ಸನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಡೀ ಕೂಟ ಆ ಭಾಲ್ಕಿಯ ಸಹೋದರನಿಗಾಗಿ ದನಿಯೆತ್ತಿ ಮೊರೆಯಿಟ್ಟಿತು. ಕಣ್ಣು ಮುಚ್ಚಿ ನಿಂತ ಮಾರ್ಕನ ಎದೆಯ ಭಾರ, ಇಸಿಜಿಗೆ ಸಿಗದ ಭಾರ, ಸ್ವಲ್ಪ ಇಳಿಯಿತು.

ಅವನು ಬಸ್ಸು ಹತ್ತಿ ಬೀದರ ಮುಟ್ಟುವುದರೊಳಗೆ ಸುದ್ದಿ ಫೋನಿನಲ್ಲಿ ಮುಟ್ಟಿಬಿಟ್ಟಿತ್ತು. ಏಂಜಲಿನಾ ಬಾಗಿಲಲ್ಲೇ ನಿಂತಿದ್ದಳು.

"ಯಾರ್ರಿ ಅವಾ? ಅತ್ತಿಗಿ ಹೇಳಿದ್ಳು."

"ಅದಾನ, ನಮ್ಮ ಸಾಲಿ ಕಡಿ. ಹೆಸರು ಹೇಳಬ್ಯಾಡ ಅಂದಾನ."

"ಬಿಡ್ರಿ, ದೇವರಿಗಿ ಹೆಸರು ಗೊತ್ತದ," ಎಂದಳು ಏಂಜಲಿನಾ.

ಅವತ್ತಿನಿಂದ ಪ್ರಾರ್ಥನೆಯ ವರಸೆಯೇ ಬದಲಾಯಿತು. ಭಾಲ್ಕಿಯ ಸಹೋದರ ಮೊದಲನೆಯವನಾದ. ಕರೀಮ ಸಾಬರ ಮೊಣಕಾಲು ಎರಡನೆಯ ಸ್ಥಾನಕ್ಕೆ ಇಳಿಯಿತು. "ತಂದೆಯೇ, ಜನರ ನಡುವೆ ಕೂತು ಒಬ್ಬನೇ ಇರುವ ಆ ನಿನ್ನ ಮಗನನ್ನು ನೀನೇ ಕೇಳು, ನೀನೇ ಮಾತಾಡಿಸು" ಎನ್ನುವಾಗ ಅವಳ ದನಿ ನಡುಗುತ್ತಿತ್ತು. ಮಾರ್ಕ ಒಂದು ಕಣ್ಣು ತೆರೆದು ನೋಡಿದ. ಹೆಂಡತಿಯ ಕೆನ್ನೆಯ ಮೇಲೆ ನೀರು. ಮದುವೆಯಾದಾಗಿನಿಂದ ತನಗಾಗಿ ಈ ಕಣ್ಣು ಹೀಗೆ ಒದ್ದೆಯಾದದ್ದು ಅವನಿಗೆ ನೆನಪಿರಲಿಲ್ಲ. ಯಾವನಿವನು ಭಾಲ್ಕಿಯವನು, ಎಂದು ಹಲ್ಲು ಕಡಿದ. ಅದು ತಾನೇ ಎಂಬುದು ನೆನಪಾಗಲು ಕೊಂಚ ಹೊತ್ತು ಹಿಡಿಯಿತು. ನೆನಪಾದ ಮೇಲೂ ಹೊಟ್ಟೆಕಿಚ್ಚು ಆರಲಿಲ್ಲ.

ಮರುದಿನ ಬೆಳಿಗ್ಗೆ ಎರಡು ಡಬ್ಬಿ ಬಂದವು.

"ಇದು ನಿಮ್ದು," ಎಂದಳು ಏಂಜಲಿನಾ. "ಇದು ಅವಂಗ. ಸಾಲಿಗಿ ಹೋಗೂದ್ರಾಗ ಮುಟ್ಟಸ್ರಿ."

ಮಾರ್ಕನ ಡಬ್ಬಿಯಲ್ಲಿ ನಿನ್ನೆಯ ರೊಟ್ಟಿ, ಪುಂಡಿ ಪಲ್ಯ. ಸಹೋದರನ ಡಬ್ಬಿಯಲ್ಲಿ ಬಿಸಿ ರೊಟ್ಟಿ, ಖೀಮಾ, ಬೇಯಿಸಿದ ಮೊಟ್ಟೆ, ಮೂಲೆಯಲ್ಲಿ ಬೆಲ್ಲದ ಚೂರು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ಎರಡನ್ನೂ ತಾನೇ ತಿಂದ. ಖೀಮಾ ರುಚಿಯಾಗಿತ್ತು. ಆ ರುಚಿ ತನಗೆ ಕಳಿಸಿದ್ದಲ್ಲ ಎಂಬ ಸಂಕಟದಲ್ಲಿ ಇನ್ನೂ ಒಂದು ರೊಟ್ಟಿ ಹೆಚ್ಚು ಹೋಯಿತು.

ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬಂತು. "ಊಟ ಮಾಡಿದ್ನೇನ್ರಿ? ಏನಂದ? ಮನಸಿನ್ಯಾಗ ಏನದ ಅಂತ ಕೇಳಿದ್ರೇನು?"

"ಅವಂದ... ಒಂದು ಖೋ ಖೋ ಟೀಮ್ ಅದ," ಎಂದ ಮಾರ್ಕ ತಡವರಿಸುತ್ತ. "ಗೆದ್ದಾದಂತ."

"ಹೌದಾ? ಮುಂದ?"

ಈ 'ಮುಂದ' ಎಂಬ ಎರಡಕ್ಷರದ ಬೆಲೆ ಮಾರ್ಕನಿಗೆ ಅವತ್ತು ತಿಳಿಯಿತು. ಮೊದಲ ಪ್ರಶ್ನೆ ಯಾರಾದರೂ ಕೇಳುತ್ತಾರೆ, ದಾರಿಯಲ್ಲಿ ಸಿಕ್ಕವರೂ ಆರಾಮಾ ಅನ್ನುತ್ತಾರೆ. ಎರಡನೆಯ ಪ್ರಶ್ನೆ ಕೇಳುವವರು ಮಾತ್ರ ಮೊದಲನೆಯದರ ಉತ್ತರ ಕೇಳಿಸಿಕೊಂಡವರು. ಏಂಜಲಿನಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ, ಈಳಿಗೆ ಬದಿಗಿಟ್ಟು, ಮೊಣಕಾಲಿಗೆ ಕೈ ಕಟ್ಟಿ ಕೂತಳು. ಅವನು ಕಲ್ಲಿನ ಮೈದಾನ ಹೇಳಿದ, ಹುಡುಗಿಯರು ಅತ್ತದ್ದು ಹೇಳಿದ, ಪೇಡಾ ಹೇಳಿದ, ಮನೆಯವರು ಪೇಡಾ ತಿಂದು ಯಾಕೆಂದು ಕೇಳದೆ ಹೋದದ್ದನ್ನೂ ಹೇಳಿದ. ಎಲ್ಲವೂ ಸಹೋದರನ ಹೆಸರಿನಲ್ಲಿ.

ಏಂಜಲಿನಾ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. "ಪಾಪ," ಎಂದಳು ಕೊನೆಗೆ. "ಅವನ ಹೆಂಡ್ತಿಗಿ ತಿಳಿದಿರಲಿಕ್ಕಿಲ್ರಿ. ದಿನಾ ಮುಖ ನೋಡಿ ನೋಡಿ, ನೋಡೂದೇ ಬಿಟ್ಟಿರಬೇಕು."

ಅಲ್ಲಿಂದ ಮೂರು ವಾರ ಮಾರ್ಕನ ಸಂಜೆಗಳು ಸ್ವರ್ಗವೂ ಆದವು, ನರಕವೂ ಆದವು. ಸ್ವರ್ಗ ಯಾಕೆಂದರೆ ಬಂದು ಕೂತು ಒಂದೊಂದು ತಾಸು ಮಾತಾಡುತ್ತಿದ್ದ, ಮೊಬೈಲು ಎಲ್ಲಿದೆ ಎಂಬುದೇ ಮರೆಯುತ್ತಿತ್ತು. ನರಕ ಯಾಕೆಂದರೆ ಹೆಂಡತಿಯ ಈ ಆಸೆ, ಈ ಕುತೂಹಲ, ಈ ಬಿಸಿ ರೊಟ್ಟಿ ಎಲ್ಲ ಇನ್ನೊಬ್ಬ ಗಂಡಸಿನದು. ಮಕ್ಕಳೂ ಸೇರಿಕೊಂಡರು. "ಪಪ್ಪಾ, ಅಂಕಲ್ ಇವತ್ತ ನಕ್ಕರೇನು?" ಅಂತ ಬ್ಲೆಸ್ಸಿ ಬಾಗಿಲು ತೆರೆದು ಹೊರಗೆ ಬಂದು ಕೇಳುತ್ತಿದ್ದಳು. ಗ್ರೇಸಮ್ಮ ಕೂಡ, "ಅವನ ಅವ್ವ ಅದಾಳೇನು ಕೇಳು. ಇದ್ರ, ಅಕಿ ಜೋಡಿ ದಿನಾ ಎರಡು ಮಾತು ಆಡ್ತಾನೇನು ಕೇಳು," ಎಂದಳು. ಮಾರ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಅಂಕಲ್ ಎಂಬ ಪದವೇ ಕುದಿಯುತ್ತಿತ್ತು.

ಮತ್ತೆ ಅದಕ್ಕಿಂತ ಕೆಟ್ಟದ್ದು ಸುರುವಾಯಿತು. ಏಂಜಲಿನಾ ಸಹೋದರನಿಗೆ ತನ್ನ ಮಾತು ಹೇಳಿ ಕಳಿಸತೊಡಗಿದಳು.

"ಅವಂಗ ಹೇಳ್ರಿ, ಅವಾ ಒಬ್ಬನೇ ಅಲ್ಲ. ನಂದೂ ಹಂಗೇ ಅದ. ವಾರ್ಡಿನ್ಯಾಗ ನಂಗ ಹಮೀದುನ್ನಿಸಾ ಸಿಸ್ಟರ್ ಒಬ್ಬಾಕೀನೇ ಇದ್ದಳು. ಅಕೀಗಿ ಔರಾದಿಗಿ ವರ್ಗ ಆತು. ಆವಾಗಿಂದ ಚಾ ಕುಡ್ಯಾಕ ಕುಂದರಂಗೇ ಇಲ್ಲ ನಾ. ನಿಂತಲ್ಲೇ ಕುಡ್ದು, ಕಪ್ ತೊಳ್ದು, ವಾರ್ಡಿಗಿ ಹೋಗ್ತೇನಿ. ದಿನಾ ಎಲ್ಲಾರಿಗೂ ಎಲ್ಲಿ ನೋಯ್ತದ ಅಂತ ಕೇಳ್ತೇನಿ, ನನಗ್ಯಾರು ಕೇಳ್ಬೇಕು? ಹಿಂಗಂತ ಹೇಳ್ರಿ ಅವಂಗ."

ಮಾರ್ಕನ ಮೈ ಉರಿಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತನಗೆ ಹೇಳದ ಮಾತು, ಮುಖ ನೋಡದ ಯಾವನಿಗೋ ಹೇಳಿ ಕಳಿಸುತ್ತಾಳೆ. ಅದೂ ತನ್ನ ಕೈಯಲ್ಲೇ. ಆ ಉರಿಯಲ್ಲಿ ಅವಳು ಹೇಳಿದ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಮರುದಿನ ಸಂಜೆ "ಏನಂದ ಅವಾ?" ಎಂದು ಅವಳು ಆಸೆಯಿಂದ ಕೇಳಿದರೆ, "ಆಯ್ತು ಅಂದ," ಎಂದು ಚುಟುಕಾಗಿ ಮುಗಿಸಿದ.

"ಅಷ್ಟೇನಾ?"

"ಅಷ್ಟೇ. ಅವಂಗ ಭಾಳ ಕೆಲಸ ಇರ್ತಾವ."

ಅವಳ ಮುಖ ಸಣ್ಣದಾಯಿತು. ಸಹೋದರನ ಮೇಲೆ ಅವಳಿಗೆ ಬೇಸರವಾಯಿತೆಂದು ಮಾರ್ಕನಿಗೆ ಒಳಗೊಳಗೇ ಖುಷಿ. ಅವತ್ತು ರಾತ್ರಿ ಊಟದಲ್ಲಿ ಎರಡು ರೊಟ್ಟಿ ಹೆಚ್ಚು ತಿಂದ.

ಆದರೆ ಶನಿವಾರ ಅವಳು ಹೊಸ ಬಾಂಬು ಹಾಕಿದಳು. "ನಾಳಿ ಚರ್ಚ್ ಮುಗಿದ ಮ್ಯಾಲ ಅವನ್ನ ಊಟಕ್ಕ ಕರೀರಿ. ಇಷ್ಟು ದಿನ ಡಬ್ಬಿ ತಿಂದಾನ, ಬರಂಗಿಲ್ಲ ಅನಬಾರದು. ಮಟನ್ ತರ್ರಿ, ಒಂದು ಕಿಲೋ."

ಮಾರ್ಕ ಅವನಿಗೆ ಜ್ವರ ಅಂದ, ಪರ ಊರಿಗೆ ಹೋಗಿದ್ದಾನೆ ಅಂದ, ಸಹೋದರನಿಗೆ ಮಟನ್ ಆಗಿಬರುವುದಿಲ್ಲ ಅಂದ. (ಖೀಮಾ ಅಷ್ಟು ದಿನ ಆಗಿಬಂದದ್ದು ಹೇಗೆ ಎಂದು ಪ್ರಿನ್ಸ ಕೇಳಿದ.) ಯಾವುದೂ ನಡೆಯಲಿಲ್ಲ. ಭಾನುವಾರ ಮಧ್ಯಾಹ್ನ ಮನೆಯೆಲ್ಲ ಮಸಾಲೆಯ ವಾಸನೆ. ಗ್ರೇಸಮ್ಮ ಪೆಟ್ಟಿಗೆಯ ಬಿಳಿ ಸೀರೆ ತೆಗೆದು ಉಟ್ಟಿದ್ದಳು. ಬ್ಲೆಸ್ಸಿ ಮೇಜಿಗೆ ಹೊಸ ಬಟ್ಟೆ ಹಾಸಿದ್ದಳು. ಬಾಗಿಲಿಗೆ ಎದುರಾದ ಕುರ್ಚಿ, ಹಬ್ಬದ ದಿನ ಪಾಸ್ಟರ್ ಅಯ್ಯನವರು ಕೂಡುವ ಕುರ್ಚಿ, ಖಾಲಿ ಇತ್ತು. ಮಾರ್ಕ ಆ ಕುರ್ಚಿಯನ್ನೇ ನೋಡುತ್ತ ನಿಂತ. ತನ್ನ ಸ್ವಂತ ಮನೆಯಲ್ಲಿ ತನಗೆಂದು ಇಷ್ಟು ತಯಾರಿ ಎಂದೂ ನಡೆದಿರಲಿಲ್ಲ, ಈಗ ನಡೆದಾಗ ಆ ಕುರ್ಚಿಯಲ್ಲಿ ಕೂಡುವ ಹಕ್ಕು ತನಗಿರಲಿಲ್ಲ.

"ಎಲ್ಲಿಗಿ ಬಂದಾನ ಕೇಳ್ರಿ, ಫೋನ್ ಹಚ್ಚರಿ," ಎಂದಳು ಏಂಜಲಿನಾ.

ಮಾರ್ಕ ಫೋನು ತೆಗೆದ. ಇಟ್ಟ. ಅವನಿಗೆ ಸಾಕಾಗಿತ್ತು.

"ಅವಾ ಬರಂಗಿಲ್ಲ," ಎಂದ. "ಅವಾ ಇಲ್ಲೇ ಅದಾನ. ಅವಾ ನಾನೇ." ದನಿ ಒಡೆಯಿತು. "ನಾ ಒಬ್ಬನೇ ಆಗೀನಿ ಈ ಮನ್ಯಾಗ. ನೀವೆಲ್ಲಾ ಇದ್ದೂ. ಅವತ್ತು ನಾ ಗೆದ್ದು ಬಂದಿದ್ದೆ, ಯಾರೂ ಕೇಳಲಿಲ್ಲ. ಎಮ್ಮಿ ಹೆಸರು ತಗೋತಿ, ನಂದು ತಗೋಳಂಗಿಲ್ಲ."

ಇಷ್ಟು ಹೇಳಿ, ಎಲ್ಲರೂ ಗಾಬರಿಯಾಗಿ ಓಡಿ ಬರಲಿ ಎಂದು ಕಾದ. ಯಾರೂ ಓಡಿ ಬರಲಿಲ್ಲ. ಪ್ರಿನ್ಸ ಬ್ಲೆಸ್ಸಿಯ ಕಡೆ ನೋಡಿದ, ಬ್ಲೆಸ್ಸಿ ಅಜ್ಜಿಯ ಕಡೆ ನೋಡಿದಳು.

"ಗೊತ್ತದ್ರಿ," ಎಂದಳು ಏಂಜಲಿನಾ. "ಅವಂದು ಪೇಡಾದ ಮಾತು ಹೇಳಿದ್ರಲ್ಲ, ಆ ದಿನವೇ ಗೊತ್ತಾತು. ಅವತ್ತು ಬಚ್ಚಲಿಗಿ ಹೋಗಿ ಅತ್ತು ಬಂದೀನಿ."

"ನಂಗ ಅಕಿ ಹೇಳಿದ್ಳು," ಎಂದಳು ಗ್ರೇಸಮ್ಮ. "ಅವನ ಅವ್ವಂದು ಕೇಳು ಅಂತ ಹೇಳಿ ಕಳ್ಸಿದ್ದೆ. ಏನಂದ ಅವಾ?"

ಮಾರ್ಕ ಬೆಪ್ಪಾದ. "ಗೊತ್ತಿದ್ದು ಮತ್ತ ಡಬ್ಬಿ ಯಾಕ ಕಟ್ಟಿದಿ? ಯಾಕ ಸುಮ್ಕಿದ್ದಿ?"

"ಸುಮ್ಕಿರದೇ ಏನ ಮಾಡ್ಲಿ? ಗೊತ್ತಾತು ಅಂದ್ರ ಅವಾ ಬರೂದು ನಿಂದರ್ತಿತ್ತು," ಎಂದಳು ಏಂಜಲಿನಾ. ಸಿಟ್ಟು ಇರಲಿಲ್ಲ, ದಣಿವಿತ್ತು. "ಅವಾ ದಿನಾ ಸಂಜೀಕ ಬಂದು ನನ್ನ ಜೋಡಿ ಒಂದು ತಾಸು ಕುಂತು ಮಾತಾಡ್ತಿದ್ದ. ನೀವು ಯಾವಾಗ ಮಾತಾಡೀರಿ? ಬರ್ತೀರಿ, ಮೊಬೈಲ್ ಹಿಡೀತೀರಿ. ಏನಾಗ್ಯಾದ ಅಂದ್ರ ಏನಿಲ್ಲ ಅಂತೀರಿ. ನಾ ಯಾವ ಬಾಗಲಾ ಬಡೀಬೇಕು? ನನ್ನ ಹೆಸರು ಈ ಮನಿ ಪ್ರಾರ್ಥನ್ಯಾಗ ಯಾರು ತಗೊಂಡಾರ ಹೇಳ್ರಿ."

ಮಾರ್ಕ ನೆನಪು ಮಾಡಿಕೊಂಡ. ಪ್ರಾರ್ಥನೆ ಮಾಡುವವಳು ಅವಳೇ. ಅವಳ ಹೆಸರನ್ನು ತೆಗೆಯಬೇಕಾದವರು ಉಳಿದವರು, ಉಳಿದವರು ಕಣ್ಣು ಮುಚ್ಚಿ ತಮ್ಮ ತಮ್ಮ ಹೆಸರಿಗೆ ಕಾಯುತ್ತಿದ್ದರು. ಅವನಂತೂ ವರ್ಷಗಟ್ಟಲೆ ಅದೇ ಕಾದಿದ್ದ.

"ಅದಿರಲಿ," ಎಂದಳು ಅವಳು. "ನಾ ಅವಂಗ ಒಂದು ಮಾತು ಹೇಳಿ ಕಳ್ಸಿದ್ದೆ. ನೀವೇ ಅವಾ ಆದ್ರ ನಿಮಗ ಮುಟ್ಟಿರಬೇಕು. ಏನಂದಿದ್ದೆ?"

ಮಾರ್ಕ ತಿಣುಕಿದ. "ಚಾದ ಮಾತು," ಎಂದ.

"ಚಾದ್ದು ಏನು?"

"ದವಾಖಾನಿ ಚಾ... ಛಲೋ ಇರಂಗಿಲ್ಲ ಅಂತ."

ಪ್ರಿನ್ಸ ನಗು ತಡೆಯಲಾರದೆ ಮೇಜಿನ ಕೆಳಗೆ ಮುಖ ಹಾಕಿದ. ಏಂಜಲಿನಾ ನಗಲಿಲ್ಲ. ಗಂಡನ ಮುಖವನ್ನೇ ನೋಡಿದಳು. ಆಗ ಮಾರ್ಕನಿಗೆ ತಾನು ಇಷ್ಟು ದಿನ ಮನೆಯವರಿಗೆಲ್ಲ ಇಟ್ಟಿದ್ದ ಪರೀಕ್ಷೆಯಲ್ಲಿ ಫೇಲಾದವನು ಯಾರೆಂದು ತಿಳಿಯಿತು. ನಾಚಿಕೆಯಿಂದ ಕಿವಿ ಬಿಸಿಯಾದವು.

"ಏಳ್ರಿ," ಎಂದಳು ಅವಳು. "ನೀವು ಹೊರಗ ಹೋಗ್ರಿ. ಅವನ್ನ ಒಳಗ ಕಳಸ್ರಿ. ನಂಗ ಅವನ ಜೋಡಿನೇ ಮಾತದ."

"ಏನ ಹುಚ್ಚಾಟ..."

"ಹೋಗೋ ಮಾರ್ಕ," ಎಂದಳು ಗ್ರೇಸಮ್ಮ. "ಮಟನ್ ಆರ್ಲತ್ತದ."

ಮಾರ್ಕ ಹೊರಗೆ ಬಂದ. ಹಿಂದೆ ಬಾಗಿಲು ಮುಚ್ಚಿತು. ತಿರುಗಿ ಅದನ್ನು ಬಡಿದ. ಪಕ್ಕದ ಕಟ್ಟೆಯ ಮೇಲೆ ಕರೀಮ ಸಾಬರು ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. "ಕ್ಯಾ ಮಾಸ್ತರ್ ಸಾಬ್," ಎಂದರು, "ಸ್ವಂತ ಮನಿ ಬಾಗಲಾ ಬಡೀಲತ್ತೀರಿ?" ಮಾರ್ಕ ಇನ್ನೊಮ್ಮೆ ಬಡಿದ.

ಬಾಗಿಲು ತೆರೆಯಿತು. "ಬರ್ರಿ ಬರ್ರಿ, ಎಷ್ಟು ದಿನದಿಂದ ಹಾದಿ ನೋಡೀವಿ," ಎಂದಳು ಏಂಜಲಿನಾ, ಹೊಸಬರ ಮುಂದೆ ಇಡುವ ಮುಖ ಇಟ್ಟುಕೊಂಡು. ಅವನನ್ನು ಪಾಸ್ಟರ್ ಅಯ್ಯನವರ ಕುರ್ಚಿಯಲ್ಲಿ ಕೂಡಿಸಿದರು. ಮಾರ್ಕ ಗಂಟಲು ಸರಿಮಾಡಿಕೊಂಡು, ರೂಢಿಯಂತೆ, ತನ್ನ ಕತೆ ಸುರು ಮಾಡಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

"ನಿಮ್ದು ಭಾಳ ದಿನ ಕೇಳೀನಿ. ಇವತ್ತ ನೀವು ಕೇಳ್ರಿ."

ಮಾರ್ಕ ತಲೆ ತಗ್ಗಿಸಿದ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಏನು ಕೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ, "ಚಾ... ಯಾಕ ನಿಂತು ಕುಡೀತಿ?" ಅಂದ.

ಅವಳು ಹಮೀದುನ್ನಿಸಾ ಸಿಸ್ಟರ್ ಹೋದದ್ದು ಹೇಳಿದಳು. ಮಾರ್ಕ "ಮುಂದ?" ಅಂದ. ಅವಳು ತಡೆದಳು, ಅವನ ಮುಖ ನೋಡಿದಳು, ಖರೆ ಕೇಳುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡಳು, ಆಮೇಲೆ ಮುಂದೆ ಹೇಳಿದಳು. ಕಳೆದ ತಿಂಗಳು ಅವಳ ಕೈಯಲ್ಲೇ ತೀರಿಕೊಂಡ ಒಂದು ಕೂಸಿನ ಮಾತು ಬಂತು. ಅವತ್ತು ಮನೆಗೆ ಬಂದು ಏನೂ ಹೇಳದೆ ರೊಟ್ಟಿ ಬಡಿದಿದ್ದಳು, ಮೂಲೆಯ ಕುರ್ಚಿಯಲ್ಲಿ ಒಬ್ಬರು ಮೊಬೈಲು ನೋಡುತ್ತಿದ್ದರು. ಮಾರ್ಕ ಅವಳ ಕೈ ಹಿಡಿದುಕೊಂಡ. ನಾಡಿ ನೋಡುವುದು ಅವನಿಗೆ ಬರುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡ. ಅವಳು ಮುಗಿಸುವ ಹೊತ್ತಿಗೆ ಸಾರು ತಣ್ಣಗಾಗಿತ್ತು. ಮಕ್ಕಳು ಮಟನ್ನಿನ ಒಳ್ಳೆಯ ತುಂಡುಗಳನ್ನೆಲ್ಲ ಆರಿಸಿ ಮುಗಿಸಿದ್ದರು, ಅತಿಥಿಯ ಪಾಲಿಗೆ ಎಲುಬು ಮತ್ತು ಆಲೂಗಡ್ಡೆ ಉಳಿದಿತ್ತು.

ಸಂಜೆ ಚಾಪೆ ಹಾಸಿದರು. ಹಾಡಾಯಿತು, ವಾಕ್ಯವಾಯಿತು. ಮಾರ್ಕ ಬಾಯಿ ತಡವರಿಸಿ ಮೊದಲ ಬಾರಿ ಏಂಜಲಿನಾಳ ಹೆಸರು ಹೇಳಿ ಎರಡು ಮಾತು ಪ್ರಾರ್ಥಿಸಿದ. ಆಮೇಲೆ ಅವಳು ಸುರು ಮಾಡಿದಳು. ಮಾರ್ಕ ಕಣ್ಣು ಮುಚ್ಚಿ ಕಿವಿ ನೆಟ್ಟಗೆ ಮಾಡಿದ. ಇವತ್ತು ತನ್ನ ಹೆಸರು ಬಂದೇ ಬರುತ್ತದೆ ಎಂದು ಅವನಿಗೆ ನಂಬಿಕೆಯಿತ್ತು, ಬಂತು ಕೂಡ.

"ತಂದೆಯೇ, ಭಾಲ್ಕಿಯ ನಮ್ಮ ಸಹೋದರನನ್ನು ಮನೆಗೆ ಕರೆತಂದದ್ದಕ್ಕಾಗಿ ಸ್ತೋತ್ರ. ಅವನು ಇನ್ನು ಮೇಲೆ ಇಲ್ಲಿಯೇ ಉಳಿಯಲಿ. ಇಷ್ಟು ವರ್ಷ ಅವನನ್ನು ಒಳಗೆ ಬಿಡದೆ ಬಾಗಿಲು ಹಿಡಿದು ನಿಂತಿದ್ದ ಆ ಮಾರ್ಕ ಎಂಬವನನ್ನು ಕ್ಷಮಿಸು."

ಎಲ್ಲರೂ ಆಮೆನ್ ಅಂದರು. ಕೊನೆಗೆ, ಬೇರೆ ದಾರಿಯಿಲ್ಲದೆ, ಮಾರ್ಕನೂ ಅಂದ.